ಮಂಚದಿಂದ ಬಚ್ಚಲಿನವರೆಗೆ

ಆಪರೇಷನ್ ಆದ ಮಾರನೆಯ ದಿನವೇ ಎಬ್ಬಿಸಿ ಕೈಗೆ ವಾಕರ್ ಕೊಟ್ಟರು. ತೊಡೆಮೂಳೆಯ ಕತ್ತು ಮುರಿದಿತ್ತು. ಮೂಳೆಯ ಚೆಂಡನ್ನು ತೆಗೆದು ಲೋಹದ ಚೆಂಡು ಕೂರಿಸಿದ್ದರು. ನೋವು ಹೇಗೋ ತಡೆದುಕೊಂಡೆ, ಕಂಗಾಲಾಗಿಸಿದ್ದು ಡಾಕ್ಟರು ಹಾಕಿದ ಕಟ್ಟುಪಾಡು. ಸೊಂಟದ ಹತ್ತಿರ 90 ಡಿಗ್ರಿಗಿಂತ ಹೆಚ್ಚು ಬಗ್ಗುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ. ಮೀರಿದರೆ ಚೆಂಡು ಗೂಡಿನಿಂದ ಜಾರಬಹುದಂತೆ. ಪಕ್ಕದ ಮಂಚದವರಿಗೆ ರಾಡು, ಸ್ಕ್ರೂ ಹಾಕಿದ್ದರು. ಅವರಿಗೆ ಇದ್ಯಾವುದೂ ಇರಲಿಲ್ಲ. ಹಾಗಾಗಿ ನನ್ನ ಪಟ್ಟಿ ಎಲ್ಲರಿಗೂ ಹೊಂದುವುದಿಲ್ಲ, ಅವರವರ ಡಾಕ್ಟರನ್ನೇ ಕೇಳಬೇಕು.

ಫಿಸಿಯೋಥೆರಪಿ ಹುಡುಗಿ ನನ್ನ ಮಗನಿಗೆ, "ಅಮ್ಮನ್ನ ಕರ್ಕೊಂಡು ಹೋಗೋ ಮೊದಲು ಟೇಪ್ ಹಿಡ್ಕೊಂಡು ಮನೆ ಅಳೆದು ಬನ್ನಿ ಸರ್" ಅಂದಳು. ಕಮೋಡ್ ಎಷ್ಟು ಎತ್ತರ, ಬಚ್ಚಲ ಬಾಗಿಲು ಎಷ್ಟು ಅಗಲ, ಮೆಟ್ಟಿಲಿಗೆ ಕಂಬಿ ಇದೆಯಾ, ಸ್ವಿಚ್ ಎಲ್ಲಿದೆ. ನನ್ನನ್ನೂ ಅಳೆದಳು: ನೆಲದಿಂದ ಮಂಡಿಯ ಹಿಂಬದಿಯ ಮಡಿಕೆಯವರೆಗೆ 16 ಇಂಚು. ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗಿರಬೇಕು, ಅಂದರೆ ಸೀಟು ಅದಕ್ಕಿಂತ ಒಂದೆರಡು ಇಂಚಾದರೂ ಎತ್ತರ ಬೇಕು. ನಮ್ಮ ಕಮೋಡ್ ಇದ್ದದ್ದು 15 ಇಂಚು. ಅದರ ಮೇಲೆ 4 ಇಂಚಿನ ಎತ್ತರಿಸುವ ಸೀಟು ಕೂರಿಸಿ ಕ್ಲಾಂಪ್ ಬಿಗಿದರು. ಕ್ಲಾಂಪ್ ಇಲ್ಲದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಒಂದು ಪಕ್ಕಕ್ಕೆ ವಾಲಿದರೆ ಅದೂ ವಾಲುತ್ತದೆ. ಅಂಥದ್ದು ಬೇಡ. ಸೀಟು ಎಷ್ಟೇ ಎತ್ತರವಾದರೂ ಪಾದ ಪೂರ್ತಿ ನೆಲಕ್ಕೆ ಊರಲೇಬೇಕು.

ಬಾಗಿಲದು ಬೇರೆ ಕಥೆ. ವಾಕರ್ ಚೌಕಟ್ಟಿನೊಳಗೆ ತೂರುತ್ತಿತ್ತು, ಆದರೆ ಒಳಕ್ಕೆ ತೆರೆದ ಕದ ಅದರ ಕಾಲಿಗೆ ಅಡ್ಡ ಬರುತ್ತಿತ್ತು. ಇನ್ನೊಂದು ಅಪಾಯ ಹೇಳಿದ್ದು ಗಾರೆ ಕೆಲಸದವನು: "ಒಳಗೆ ಬಿದ್ರೆ ಅಮ್ಮ, ನೀವೇ ಬಾಗಿಲಿಗೆ ಅಡ್ಡ ಬಿದ್ದಿರ್ತೀರಿ, ನಾವು ತಳ್ಳೋಕಾಗಲ್ಲ." ಕದವನ್ನೇ ಕಳಚಿ ಪರದೆ ಕಟ್ಟಿಸಿದೆ. ನಾಚಿಕೆ ಎರಡು ದಿನದ್ದು.

ಹಿಡಿಗಂಬಿ ಹಾಕುವಾಗ ಅವನು ಗೋಡೆಯ ಟೈಲ್ಸನ್ನು ಬೆರಳ ಗಂಟಿನಿಂದ ಒಂದೊಂದಾಗಿ ತಟ್ಟುತ್ತ ಹೋದ. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಟೊಳ್ಳು. ಟೊಳ್ಳಿದ್ದಲ್ಲಿ ಹಿಂದೆ ಸಿಮೆಂಟು ಬಿಟ್ಟಿರುತ್ತದೆ, ಭಾರ ಬಿದ್ದರೆ ಟೈಲ್ಸ್ ಸಮೇತ ಕಿತ್ತುಬರುತ್ತದೆ. ಗಟ್ಟಿ ಜಾಗದಲ್ಲಿ ಇಟ್ಟಿಗೆಯವರೆಗೆ ಕೊರೆದು ಉದ್ದ ಬೋಲ್ಟು ಹಾಕಿದ. ಕೊನೆಗೆ ನನ್ನ ಮಗ ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು ನೋಡಿದ. ಟವೆಲ್ ಕಂಬಿ ಇದೆಯಲ್ಲ ಅನ್ನುವವರಿಗೆ ಒಂದೇ ಮಾತು: ಅದು ಟವೆಲ್ ಹೊರಲಿಕ್ಕೆ ಮಾತ್ರ.

ಸ್ನಾನಕ್ಕೆ ರಬ್ಬರು ಕಾಲಿನ, ಕೈಯಿರುವ ಕುರ್ಚಿ. ಬಕೆಟ್ಟು ನೆಲದ ಮೇಲಿದ್ದರೆ ಬಗ್ಗಲೇಬೇಕಾಗುತ್ತದೆ, ಅದಕ್ಕೆ ಸ್ಟೂಲಿನ ಮೇಲೆ. ಸೋಪು ಜಾರಿ ಬೀಳದಂತೆ ಬಲೆಚೀಲದಲ್ಲಿ ನಲ್ಲಿಗೆ ಕಟ್ಟಿದೆವು. ನನ್ನ ಸ್ನಾನವಾದ ಮೇಲೆ ಸೊಸೆ ನೆಲ ಒರೆಸುತ್ತಾಳೆ, ಅದಾದ ಮೇಲೇ ನಾನು ಕುರ್ಚಿಯಿಂದ ಏಳುವುದು.

ರಾತ್ರಿಯದೇ ನಿಜವಾದ ಪರೀಕ್ಷೆ. ಮಲಗುವ ಮುಂಚೆ ದಾರಿ ನೋಡಬೇಕು: ಫೋನಿನ ಚಾರ್ಜರ್ ವೈರು, ಕಾಲೊರಸು, ಮೊಮ್ಮಗನ ಚಪ್ಪಲಿ. ಕಾಲೊರಸನ್ನಂತೂ ಮನೆಯಿಂದಲೇ ಆಚೆ ಹಾಕಿದೆವು. ಮಂಚದ ಪಕ್ಕ ಮಲಗಿದಲ್ಲೇ ಕೈಗೆಟಕುವ ಸ್ವಿಚ್ಚು, ದಾರಿಯಲ್ಲಿ ನೆಲಕ್ಕೆ ಹತ್ತಿರ, ಯಾರಾದರೂ ಅಲುಗಿದರೆ ಹತ್ತುವ ಪುಟ್ಟ ದೀಪ. ಕತ್ತಲಲ್ಲಿದ್ದ ಕಣ್ಣಿಗೆ ಟ್ಯೂಬ್‌ಲೈಟ್ ಥಟ್ಟನೆ ಹೊತ್ತಿದರೆ ಕಣ್ಣು ಕುಕ್ಕಿ ಏನೂ ಕಾಣದು. ಕರೆಂಟ್ ಹೋದರೂ ಉರಿಯುವ ಬ್ಯಾಟರಿ ಬಲ್ಬನ್ನು ಬಚ್ಚಲಿಗೆ ಹಾಕಿದೆವು. ಇಷ್ಟಿದ್ದರೂ ಎದ್ದಕೂಡಲೇ ಹೊರಡುವುದಿಲ್ಲ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ತಲೆ ಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಏಳುತ್ತೇನೆ. ಬಿಪಿ ಮಾತ್ರೆ ತಿನ್ನುವವರಿಗೆ ಏಳುವಾಗ ರಕ್ತದೊತ್ತಡ ಇಳಿಯುವುದುಂಟು.

ಮಹಡಿಯ ಕೋಣೆ ಬಿಟ್ಟು ಕೆಳಗೆ ಬಂದೆ. ಉಳಿದದ್ದು ಅಂಗಳಕ್ಕಿಳಿಯುವ ಮೂರು ಮೆಟ್ಟಿಲು. ಅಲ್ಲಿ ವಾಕರ್ ಬೇಡ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕೋಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಆಮೇಲೆ ಆಪರೇಷನ್ ಆದದ್ದು ಮತ್ತು ಕೋಲು. ಇಳಿಯುವಾಗ ಕೋಲು, ಆಪರೇಷನ್ ಕಾಲು, ಕಡೆಗೆ ಒಳ್ಳೆಯದು. ಮೊದಲು ಹಾಕಿದ ಕಂಬಿ ಕೊನೆಯ ಮೆಟ್ಟಿಲಿಗಿಂತ ಮೊದಲೇ ಮುಗಿಯುತ್ತಿತ್ತು, ಕೈ ಗಾಳಿ ಹಿಡಿಯುತ್ತಿತ್ತು. ಅಂಗಳದವರೆಗೆ ಅಡಿಯಷ್ಟು ಮುಂದಕ್ಕೆ ಚಾಚಿಸಿದ ಮೇಲೆ ಸರಿಹೋಯಿತು. ಮೆಟ್ಟಿಲು, ನೆಲ ಎರಡೂ ಕೆಂಪು ಗಾರೆಯಾದ್ದರಿಂದ ಅಂಚೇ ಕಾಣುತ್ತಿರಲಿಲ್ಲ. ಎರಡಿಂಚಿನ ಬಿಳಿ ಬಣ್ಣದ ಪಟ್ಟಿ ಬಳಿಸಿದೆ. ಓದುವ ಗಾಜು ಕೆಳಗಿರುವ ಕನ್ನಡಕದಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ, ಇಳಿಯುವಾಗ ಬೇರೆ ಕನ್ನಡಕ.

ದೇವರ ಮನೆಯ ಹೊಸ್ತಿಲನ್ನು ಮಾತ್ರ ಒಡೆಸಲು ಒಪ್ಪಲಿಲ್ಲ. ಹೊರಗೆ ಎತ್ತರದ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಹೂವನ್ನು ಸೊಸೆ ಏರಿಸುತ್ತಾಳೆ.