‘ರೊಕ್ಕ ಹಾಕೇನ್ರಿ ಮೇಡಂ!’

ಹೋದ ವರ್ಷದವರೆಗೂ ನನ್ನ ಬಿಲ್ ಅಂದ್ರೆ ಒಂದು ಪಿಡಿಎಫ್. ಕೆಳಗೆ ಅಕೌಂಟ್ ನಂಬರ್, ಐಎಫ್ಎಸ್‌ಸಿ ಕೋಡ್. ಧಾರವಾಡದ ಮನೆಯಲ್ಲಿ ಕೂತು ಲೋಗೋ, ಕರಪತ್ರ ಡಿಸೈನ್ ಮಾಡೋ ನನಗೆ ಕೆಲಸಕ್ಕಿಂತ ದುಡ್ಡು ಕೇಳೋದೇ ದೊಡ್ಡ ಕಷ್ಟ. ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯವರು ಹಬ್ಬದ ಕರಪತ್ರ ಮಾಡಿಸಿಕೊಂಡು, ಎರಡು ತಿಂಗಳಾದ್ರೂ ಹದಿನೆಂಟು ಸಾವಿರ ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: “ಬಿಲ್ ಎಲ್ಲಿ ಹೋತೋ ಏನೋ, ಇನ್ನೊಮ್ಮೆ ಕಳಸ್ರಿ ಮೇಡಂ.”

ಅವರಿಗೆ ಕೊಡೋ ಮನಸ್ಸಿರಲಿಲ್ಲ ಅಂತಲ್ಲ. ಪಿಡಿಎಫ್ ಹುಡುಕಬೇಕು, ನನ್ನ ಅಕೌಂಟ್ ನಂಬರ್ ಟೈಪ್ ಮಾಡಬೇಕು, ಹೊಸ ಹೆಸರು ಸೇರಿಸಬೇಕು. ಅಷ್ಟರಲ್ಲಿ ಗಿರಾಕಿ ಬರ್ತಾರೆ, ಮರೆತು ಹೋಗುತ್ತೆ. ನನ್ನ ಹಾಗೇ ಮನೆಯಿಂದ ಕೆಲಸ ಮಾಡೋ ಗೆಳತಿ ಹೇಳಿದಳು: “ಬಿಲ್‌ನಲ್ಲೇ ಪೇ ಬಟನ್ ಇಟ್ಟು ಕಳಿಸು.”

ಪೇಮೆಂಟ್ ಗೇಟ್‌ವೇಯಲ್ಲಿ ಖಾತೆ ತೆರೆದೆ. ಪ್ಯಾನ್, ಬ್ಯಾಂಕ್ ವಿವರ, ಏನು ಕೆಲಸ ಮಾಡ್ತೀನಿ ಅನ್ನೋದು ಕೊಟ್ಟೆ. ಪರಿಶೀಲನೆಗೆ ಕೆಲವು ದಿನ ಹಿಡಿಯಿತು. ಆಮೇಲೆ ಅಲ್ಲೇ ಇನ್‌ವಾಯ್ಸ್ ತಯಾರಿಸಿದೆ: ಅಂಗಡಿಯ ಹೆಸರು, ಮೊಬೈಲ್, ಇಮೇಲ್, ಬಿಲ್ ನಂಬರ್, ಕೆಲಸದ ವಿವರ, 18,000 ರೂಪಾಯಿ. ಒಂದು ಕಡೆ ಮಾತ್ರ ನಿಂತು ಯೋಚಿಸಬೇಕಾಯಿತು. ಲಿಂಕ್‌ನ ಅವಧಿ ಮುಗಿಯೋ ದಿನಾಂಕವನ್ನೂ ಕೇಳುತ್ತೆ. ಇದು ‘ಇಷ್ಟರೊಳಗೆ ಕೊಡಿ’ ಅನ್ನೋ ಗಡುವಲ್ಲ. ಆ ದಿನ ದಾಟಿದರೆ ಅವರು ಕೊಡ್ತೀನಿ ಅಂದ್ರೂ ಲಿಂಕ್ ತೆಗೆದುಕೊಳ್ಳಲ್ಲ. ಹಾಗಾಗಿ ಗಡುವನ್ನು ಬಿಲ್‌ನಲ್ಲಿ ಬರೆದು, ಲಿಂಕ್‌ನ ಅವಧಿಯನ್ನು ಅದಕ್ಕಿಂತ ಒಂದು ತಿಂಗಳು ಮುಂದಕ್ಕೆ ಇಟ್ಟೆ.

ಕಳಿಸಿದ ತಕ್ಷಣ ಅವರಿಗೆ ಎಸ್ಸೆಮ್ಮೆಸ್, ಇಮೇಲ್ ಹೋಯಿತು. ಅದೇ ಲಿಂಕನ್ನು ನಾನು ವಾಟ್ಸಾಪ್‌ನಲ್ಲೂ ಹಾಕಿದೆ. ಒತ್ತಿದರೆ ಬಿಲ್ ತೆರೆಯುತ್ತೆ, ಮೊತ್ತ ಮೊದಲೇ ತುಂಬಿರುತ್ತೆ. ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್, ಯಾವುದು ಬೇಕೋ ಅದು. ನನ್ನ ಪುಟದಲ್ಲಿ ಆ ಬಿಲ್‌ನ ಪಕ್ಕ Issued ಅಂತ ಕಾಣ್ತಿತ್ತು. ಶುಕ್ರವಾರ ಸಂಜೆ ಅದು Paid ಆಯಿತು. ಹಿಂದೆಯೇ ಅಂಗಡಿಯವರ ಫೋನ್: “ರೊಕ್ಕ ಹಾಕೇನ್ರಿ ಮೇಡಂ!”

ಖುಷಿಯಲ್ಲಿ ನಾನು ಎಡವಿದ್ದೂ ಅಲ್ಲೇ. ಸೋಮವಾರ ಲ್ಯಾಪ್‌ಟಾಪ್‌ನ ಇಎಂಐ ಇತ್ತು. ‘ದುಡ್ಡು ಬಂತಲ್ಲ’ ಅಂತ ಖಾತೆಯಲ್ಲಿದ್ದದ್ದನ್ನು ಶನಿವಾರ ಅವ್ವನ ಕಣ್ಣಿನ ಆಪರೇಷನ್‌ಗೆ ಕಟ್ಟಿಬಿಟ್ಟೆ. ಸೋಮವಾರ ಇಎಂಐ ಬೌನ್ಸ್! ದಂಡ ಬೇರೆ. Paid ಅಂದ್ರೆ ಹಣ ಗೇಟ್‌ವೇ ತಲುಪಿದೆ ಅಂತಷ್ಟೇ. ನನ್ನ ಬ್ಯಾಂಕಿಗೆ ಬರೋಕೆ ಎರಡು ಕೆಲಸದ ದಿನ ಬೇಕು. ಆ ವಾರ ಎರಡನೇ ಶನಿವಾರ, ಆಮೇಲೆ ಭಾನುವಾರ. ದುಡ್ಡು ಬಂದದ್ದು ಮಂಗಳವಾರ.

ಬಂದದ್ದೂ ಹದಿನೆಂಟು ಸಾವಿರ ಅಲ್ಲ, 17,575 ರೂಪಾಯಿ 20 ಪೈಸೆ. ಗೇಟ್‌ವೇಯ ಶುಲ್ಕ ಶೇ 2, ಅಂದ್ರೆ 360 ರೂಪಾಯಿ. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ, 64 ರೂಪಾಯಿ 80 ಪೈಸೆ. ಎರಡು ತಿಂಗಳು ಫೋನ್ ಮಾಡೋದಕ್ಕೆ ಹೋಲಿಸಿದರೆ ನನಗದು ಹೊರೆ ಅನ್ನಿಸಲಿಲ್ಲ. ಆದ್ರೆ ಈಗ ರೇಟ್ ಹೇಳುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ‘ಸೆಟಲ್‌ಮೆಂಟ್’ ಅನ್ನೋ ಪುಟ ಬೇರೆಯೇ ಇದೆ, ಯಾವ ದಿನ ಎಷ್ಟು ಬ್ಯಾಂಕಿಗೆ ಹೋಯಿತು ಅನ್ನೋದು ಅಲ್ಲಿರುತ್ತೆ. ಅದನ್ನು ನೋಡದೆ ಈಗ ಒಂದು ರೂಪಾಯಿಯನ್ನೂ ಖರ್ಚು ಮಾಡಲ್ಲ.

ಇನ್ನೊಂದು ಪಾಠ ಕಲಿಸಿದ್ದು ಸ್ವಂತ ಸೋದರಮಾವ. ಅವರ ಹೋಟೆಲಿನ ಮೆನು ಕಾರ್ಡ್‌ಗೆ ಲಿಂಕ್ ಕಳಿಸಿದ್ದೆ. ಅವರು ಲಿಂಕ್ ಬಿಟ್ಟು, ನನ್ನ ಮೊಬೈಲ್ ನಂಬರಿಗೇ ನೇರವಾಗಿ ಯುಪಿಐ ಮಾಡಿದರು. ಹಾಗೆ ಬಂದ ದುಡ್ಡು ಗೇಟ್‌ವೇಗೆ ಗೊತ್ತೇ ಆಗಲ್ಲ. ಬಿಲ್ Issued ಅಂತಲೇ ಉಳಿದು, ಮೂರು ದಿನದ ನಂತರ ಮಾವನಿಗೆ ತಾನಾಗೇ ರಿಮೈಂಡರ್ ಹೋಯಿತು. “ಏನವ್ವಾ, ಕೊಟ್ಟ ರೊಕ್ಕ ಮತ್ತ ಕೇಳ್ತೀಯಲ್ಲ?” ಅಂತ ಫೋನ್! ಆ ಬಿಲ್ಲನ್ನು ಅಲ್ಲಿಂದ ರದ್ದು ಮಾಡಿ, ನನ್ನ ಲೆಕ್ಕದ ಪುಸ್ತಕದಲ್ಲಿ ‘ನೇರ ಪಾವತಿ’ ಅಂತ ಬರೆದುಕೊಂಡೆ.

ಈಗ ಪ್ರತಿ ಬಿಲ್ ಜತೆ ಒಂದು ಸಾಲು ಬರೆಯುತ್ತೇನೆ: ‘ದಯವಿಟ್ಟು ಈ ಲಿಂಕ್‌ನಲ್ಲೇ ಕೊಡಿ.’ ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿದರೂ ಮೊದಲು ನನ್ನ ಪುಟ ನೋಡುತ್ತೇನೆ. ಅಂಗಡಿಯವರು ಈಸಲ ಯುಗಾದಿ ಕರಪತ್ರಕ್ಕೆ ಹೇಳಿದ್ದಾರೆ. ಬಿಲ್ ಎಲ್ಲಿ ಅಂತ ಮಾತ್ರ ಕೇಳಿಲ್ಲ.