ಸಂದರ್ಶನದ ಕೋಣೆಯಲ್ಲಿ ಮದುವೆಯ ಮಾತು

ಕೆಲಸಕ್ಕಾಗಿ ಸಂದರ್ಶನಕ್ಕೆ ಹೋಗುವ ನಮ್ಮ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಓದಿದ ವಿಷಯದ ಪ್ರಶ್ನೆಗಳಿಗೆ ಅಷ್ಟಾಗಿ ತಡವರಿಸುವುದಿಲ್ಲ. ಅವರು ತಡವರಿಸುವುದು ಓದಿಗೆ ಸಂಬಂಧವೇ ಇಲ್ಲದ ಮೂರು ಪ್ರಶ್ನೆಗಳಲ್ಲಿ. ವಯಸ್ಸೆಷ್ಟು, ಮದುವೆ ಯಾವಾಗ, ನಿಮ್ಮ ಧರ್ಮದಲ್ಲಿ ಹೀಗೇಕೆ? ಕೆಲವು ವರ್ಷಗಳಿಂದ ನಾವು ಅಸರ್ ನಮಾಝಿನ ಬಳಿಕ ಮದ್ರಸದ ಸಭಾಂಗಣದಲ್ಲಿ ಬಿ.ಎಡ್., ಬಿ.ಕಾಂ. ಮುಗಿಸಿದವರನ್ನು ಕೂರಿಸಿ ಅಣಕು ಸಂದರ್ಶನ ನಡೆಸುತ್ತಾ ಬಂದಿದ್ದೇವೆ. ಮೇಜಿನ ಆಚೆ ನಾವು, ಈಚೆ ಅವರು. ಅಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಂತಹ ಪ್ರಶ್ನೆಗೆ ಮಕ್ಕಳು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಸುಳ್ಳು ಹೇಳುತ್ತಾರೆ: "ಇನ್ನು ಐದು ವರ್ಷ ಮದುವೆಯೇ ಇಲ್ಲ ಸರ್." ಮನೆಯಲ್ಲಿ ಆ ವಾರವೇ ಹುಡುಗನ ಕಡೆಯವರು ಬಂದು ಚಹಾ ಕುಡಿದು ಹೋಗಿರುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಬಿಚ್ಚಿಡುತ್ತಾರೆ: ತಂದೆಯ ಕಾಯಿಲೆ, ಅಕ್ಕನ ಮದುವೆಗೆ ಮಾಡಿದ ಸಾಲ, ತಪ್ಪಿಹೋದ ಸಂಬಂಧ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ತನ್ನ ಮನೆಯ ವಿಷಯವನ್ನು ಹೇಳದೆ ಉಳಿಸಿಕೊಳ್ಳುವುದು ಸುಳ್ಳಲ್ಲ. ಮದ್ರಸದಲ್ಲಿ ಓದಿದವರಿಗೆ 'ತೌರಿಯಾ' ಎಂಬ ಪದ ಗೊತ್ತಿರುತ್ತದೆ. ಮಾತು ನಿಜವೇ ಆಗಿದ್ದು ಕೇಳುಗನು ಬೇರೆ ಅರ್ಥ ಮಾಡಿಕೊಳ್ಳುವಂತೆ ಹೇಳುವುದು. ವಿದ್ವಾಂಸರು ಅದನ್ನು ಅಗತ್ಯವಿದ್ದಾಗ, ಇನ್ನೊಬ್ಬರ ಹಕ್ಕು ಹೋಗದ ಹಾಗೆ ಮಾತ್ರ ಒಪ್ಪಿದ್ದಾರೆ. ಕೆಲಸದ ಮಾತುಕತೆಯಲ್ಲಿ ಎದುರಿನವನಿಗೂ ಒಂದು ಹಕ್ಕಿದೆ. ಆದ್ದರಿಂದ ನಾವು ತೌರಿಯಾದ ಸಾಹಸಕ್ಕೂ ಹೋಗಬೇಡಿ ಎನ್ನುತ್ತೇವೆ. ಅವನ ಹಕ್ಕು ಯಾವುದಕ್ಕಿದೆಯೋ ಅದನ್ನು ಪೂರ್ತಿಯಾಗಿ ಹೇಳಿ, ಉಳಿದದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಹಾಗಾದರೆ ಅವನಿಗೆ ಯಾವುದರ ಮೇಲೆ ಹಕ್ಕಿದೆ? ಇದನ್ನು ತಿಳಿಯಬೇಕಾದರೆ ಪ್ರಶ್ನೆಯ ಹಿಂದಿನ ಕಾರಣವನ್ನು ನೋಡಬೇಕು. ಖಾಸಗಿ ಶಾಲೆಯ ಆಡಳಿತದವರು ಮದುವೆಯ ಬಗ್ಗೆ ಕೇಳುವುದು ಬಹುತೇಕ ಕುತೂಹಲದಿಂದಲ್ಲ. ಡಿಸೆಂಬರಿನಲ್ಲಿ ಶಿಕ್ಷಕಿ ಮದುವೆಯಾಗಿ ಗಂಡನ ಊರಿಗೋ ಕೊಲ್ಲಿ ದೇಶಕ್ಕೋ ಹೊರಟುಹೋದರೆ ಹತ್ತನೆಯ ತರಗತಿಯ ಮಕ್ಕಳನ್ನು ಯಾರ ಕೈಗೊಪ್ಪಿಸುವುದು ಎಂಬ ಚಿಂತೆ ಅವರಿಗಿದೆ. ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾದ ಬಳಿಕ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಡಬೇಕು; ಆ ಖರ್ಚು ಸಂಸ್ಥೆಯ ತಲೆಯ ಮೇಲೆ ಬರುತ್ತದೆಂಬ ಲೆಕ್ಕಾಚಾರ. ಮೊದಲನೆಯ ಚಿಂತೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡಬೇಕು. ಎರಡನೆಯದು ಕಾನೂನು ಹೆಣ್ಣಿಗೆ ಕೊಟ್ಟ ಹಕ್ಕನ್ನು ಮೊದಲೇ ಮೊಟಕುಗೊಳಿಸುವ ಯತ್ನ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ.

ನಮ್ಮ ಊರಿನ ಒಬ್ಬಳು ಹುಡುಗಿಯ ಉದಾಹರಣೆ ಹೇಳುತ್ತೇವೆ. ಬಿ.ಎಸ್ಸಿ., ಬಿ.ಎಡ್. ಮಾಡಿದವಳು, ಭೌತವಿಜ್ಞಾನ ಚೆನ್ನಾಗಿ ಪಾಠ ಮಾಡುವವಳು. ಒಂದು ಪ್ರೌಢಶಾಲೆಯ ಸಂದರ್ಶನಕ್ಕೆ ಮೂರು ದಿನ ಮೊದಲು ನಮ್ಮಲ್ಲಿಗೆ ಬಂದಳು. ಮದುವೆಯ ಪ್ರಶ್ನೆಗೆ ಏನು ಹೇಳಲಿ ಉಸ್ತಾದ್ ಎಂದಳು. ಉತ್ತರವನ್ನು ನಮ್ಮಲ್ಲಿ ಕೇಳಬೇಡ, ಮೊದಲು ನಿನ್ನ ಉಮ್ಮ ಬಾಪರಲ್ಲಿ ಕೇಳು ಎಂದೆವು. ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಮದುವೆಯ ದಿನ ಇಡುವುದಿಲ್ಲವೆಂದು ಅವರು ಒಪ್ಪುತ್ತಾರೆಯೇ? ಒಪ್ಪಿದರೆ ಆಕೆ ನೀಡುವ ಮಾತಿಗೆ ಬೆಲೆಯಿದೆ; ಒಪ್ಪದಿದ್ದರೆ ಅದು ಬರಿಯ ಬಾಯುಪಚಾರ. ಆ ರಾತ್ರಿ ಮನೆಯಲ್ಲಿ ಚರ್ಚೆಯಾಯಿತು. ತಂದೆ ಒಪ್ಪಿದರು. ಸಂದರ್ಶನದ ಸಿದ್ಧತೆ ಎಂದರೆ ಮಕ್ಕಳದ್ದು ಮಾತ್ರ ಎಂದುಕೊಂಡಿರುವ ಹೆತ್ತವರು ಈ ಒಂದು ಕೆಲಸವನ್ನಾದರೂ ಮಾಡಿಕೊಡಬೇಕು.

ಸಂದರ್ಶನದಲ್ಲಿ ಮೊದಲು ಬಂದದ್ದು ವಯಸ್ಸು. ಇದರಲ್ಲಿ ನೊಂದುಕೊಳ್ಳುವಂಥದ್ದೇನಿಲ್ಲ, ಜನ್ಮದಿನಾಂಕ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ಇರುತ್ತದೆ. ಇಪ್ಪತ್ತಾರು ಎಂದಳು. ಆದರೆ ವಯಸ್ಸಿನ ಪ್ರಶ್ನೆಗೆ ಒಂದು ಬಾಲವಿರುತ್ತದೆ. "ಇಪ್ಪತ್ತಾರಾದರೂ ಇನ್ನೂ ಮದುವೆಯಾಗಿಲ್ಲವೇ? ನಿಮ್ಮಲ್ಲಿ ಬೇಗ ಮಾಡುತ್ತಾರಲ್ಲ?" ಎಂದರು ಮೂವರಲ್ಲಿ ಹಿರಿಯರು. ಆಕೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದಳು. ನಂತರ ಹೇಳಿದ್ದು ಇಷ್ಟು: "ವರ್ಷದ ನಡುವೆ ಶಿಕ್ಷಕರು ಬಿಟ್ಟುಹೋದರೆ ಮಕ್ಕಳಿಗೆ ಎಷ್ಟು ತೊಂದರೆಯಾಗುತ್ತದೆಂದು ನನಗೆ ಗೊತ್ತಿದೆ, ಸರ್. ಈ ಶೈಕ್ಷಣಿಕ ವರ್ಷವನ್ನು ಪೂರ್ತಿ ಮಾಡುತ್ತೇನೆ. ಮುಂದೆ ಯಾವಾಗಲಾದರೂ ಬಿಡುವುದಿದ್ದರೆ ಮೂರು ತಿಂಗಳು ಮೊದಲೇ ತಿಳಿಸುತ್ತೇನೆ."

ಈ ಉತ್ತರದಲ್ಲಿ ಮದುವೆ ಎಂಬ ಪದವೇ ಇಲ್ಲ. 'ನಿಮ್ಮಲ್ಲಿ' ಎಂಬ ಪದಕ್ಕೆ ಪ್ರತ್ಯುತ್ತರವೂ ಇಲ್ಲ. ಚಿಂತೆಗೆ ಮಾತ್ರ ಉತ್ತರ ಸಿಕ್ಕಿದೆ. ಇದಕ್ಕಿಂತ ಕಷ್ಟವಾದದ್ದು ಉತ್ತರ ಮುಗಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದು. ಪ್ರಶ್ನೆ ಕೇಳಿದವರು ಮೂರ್ನಾಲ್ಕು ಕ್ಷಣ ಏನೂ ಹೇಳದೆ ನೋಡುತ್ತಾರೆ. ಆ ಮೌನವನ್ನು ತುಂಬಿಸಲು ನಮ್ಮ ಮಕ್ಕಳು "ಹಾಗಲ್ಲ ಸರ್, ಅದೇನೆಂದರೆ..." ಎಂದು ಎರಡನೆಯ ಸಲ ಶುರುಮಾಡುತ್ತಾರೆ. ಆ ಮಾತು ಹೊರಟಿತೆಂದರೆ ಮನೆಯ ಕತೆ ಹೊರಟಿತೆಂದೇ ಅರ್ಥ. ಅಣಕು ಸಂದರ್ಶನದಲ್ಲಿ ನಾವು ಹೆಚ್ಚು ಹೊತ್ತು ಅಭ್ಯಾಸ ಮಾಡಿಸುವುದು ಉತ್ತರಗಳನ್ನಲ್ಲ, ಈ ಮೌನವನ್ನು.

ಆ ಬಳಿಕ ಧರ್ಮದ ವಿಷಯ ಬಂತು. ಇಲ್ಲಿ ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಬೇಕು, ಎಲ್ಲವೂ ಒಂದೇ ಜಾತಿಯವಲ್ಲ. "ತಲೆವಸ್ತ್ರ ಹಾಕಿಕೊಂಡೇ ಪಾಠ ಮಾಡುತ್ತೀರಾ?" ಎಂಬುದು ಕೇಳಲು ಕಹಿಯಾದರೂ ಆ ದಿನವೇ ಇತ್ಯರ್ಥವಾಗಬೇಕಾದ ಮಾತು. "ಹೌದು ಸರ್, ಹಾಕಿಕೊಳ್ಳುತ್ತೇನೆ. ಸಂಸ್ಥೆಯ ನಿಯಮ ಏನೆಂದು ಈಗಲೇ ತಿಳಿಸಿದರೆ ಉಪಕಾರವಾಗುತ್ತದೆ" ಎಂದಳು. ಕೆಲಸಕ್ಕೆ ಸೇರಿ ಒಂದು ತಿಂಗಳಾದ ಮೇಲೆ ಈ ವಿವಾದ ಏಳುವುದಕ್ಕಿಂತ ಇದು ಎಷ್ಟೋ ಮೇಲು. "ರಂಝಾನಿನಲ್ಲಿ ಉಪವಾಸವಿದ್ದು ದಿನವಿಡೀ ಪಾಠ ಮಾಡಲು ಆಗುತ್ತದೆಯೇ?" ಎಂಬುದು ಸಾಮರ್ಥ್ಯದ ಪ್ರಶ್ನೆ. ಅದಕ್ಕೆ ಉಪವಾಸದ ಮಹತ್ವವನ್ನು ವಿವರಿಸುವುದು ಉತ್ತರವಲ್ಲ. ಬಿ.ಎಡ್. ಅಭ್ಯಾಸದ ಪಾಠಗಳನ್ನು ಉಪವಾಸದಲ್ಲಿದ್ದೇ ಮಾಡಿದ್ದೇನೆ, ಒಂದನ್ನೂ ತಪ್ಪಿಸಿಲ್ಲ ಎಂದಳು. ಇದು ಉತ್ತರ.

ಮೂರನೆಯ ಬಗೆ ಕುತೂಹಲದ್ದೋ ಕೆಣಕುವುದೋ ಹೇಳುವುದು ಕಷ್ಟ. "ನಿಮ್ಮಲ್ಲಿ ಗಂಡಸರು ನಾಲ್ಕು ಮದುವೆಯಾಗುತ್ತಾರಂತಲ್ಲ, ನಿಮಗೆ ಸರಿ ಎನಿಸುತ್ತದೆಯೇ?" ಎಂದರು ಇನ್ನೊಬ್ಬರು. ಇಲ್ಲಿ ನಮ್ಮ ಹುಡುಗರು ವಾದಕ್ಕಿಳಿಯುತ್ತಾರೆ. ತಾನು ಕೆಲಸ ಕೇಳಲು ಬಂದವನೆಂಬುದನ್ನು ಮರೆತು ಇಡೀ ಸಮುದಾಯದ ವಕೀಲನಾಗುತ್ತಾನೆ. ಅಬಿಸೀನಿಯಾದ ನಜ್ಜಾಶಿಯ ಆಸ್ಥಾನದಲ್ಲಿ ಹ. ಜಅ್‌ಫರ್(ರ) ಅವರು ಧರ್ಮದ ಬಗ್ಗೆ ಮಾತನಾಡಿದರಲ್ಲ ಎಂದು ಒಬ್ಬ ಹುಡುಗ ನಮ್ಮನ್ನೇ ಕೇಳಿದ. ನಿಜ, ಮಾತನಾಡಿದರು. ಆದರೆ ದೊರೆ ಅವರನ್ನು ಕರೆಸಿದ್ದೇ ಆ ವಿಷಯವನ್ನು ಕೇಳಲಿಕ್ಕೆ. ಇಲ್ಲಿ ಕರೆಸಿರುವುದು ಭೌತವಿಜ್ಞಾನಕ್ಕೆ. ಆಕೆ, "ಅದನ್ನು ಬಿಡುವಿದ್ದಾಗ ಮಾತನಾಡಬಹುದು, ಸರ್. ಬೆಳಕಿನ ವಕ್ರೀಭವನದ ಪಾಠಕ್ಕೆ ನಾನೇ ಮಾಡಿದ ಒಂದು ಮಾದರಿ ತಂದಿದ್ದೇನೆ, ತೋರಿಸಲೇ?" ಎಂದು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಕೈಯಲ್ಲಿ ತೋರಿಸಲು ಏನಾದರೂ ಇದ್ದರೆ ಮಾತು ತಿರುಗಿಸುವುದು ಎಷ್ಟು ಸುಲಭವೆಂದು ನಮಗೂ ಅಂದು ಹೊಸದಾಗಿ ತಿಳಿಯಿತು.

ಸಂದರ್ಶನದ ಕೊನೆಯಲ್ಲಿ ಒಂದು ಛಾಪಾ ಕಾಗದ ಮುಂದಿಟ್ಟರು. ಎರಡು ವರ್ಷ ಮದುವೆಯಾಗುವುದಿಲ್ಲ, ಆದರೆ ತಾನೇ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆ. ಬಾಯಿಮಾತಿನ ಪ್ರಶ್ನೆಯನ್ನು ತಾಳ್ಮೆಯಿಂದ ದಾಟಬಹುದು. ಸಹಿ ಬೇರೆ ಸಂಗತಿ. ತಂದೆಗೆ ತೋರಿಸಿ ತರುತ್ತೇನೆಂದು ಪ್ರತಿ ಕೇಳಿ ಪಡೆದು ಬಂದಳು. ಅಸಲು ಅಂಕಪಟ್ಟಿಗಳನ್ನು ಬಿಟ್ಟುಹೋಗಲು ಹೇಳಿದ್ದಕ್ಕೆ ದೃಢೀಕರಿಸಿದ ಪ್ರತಿಗಳನ್ನಷ್ಟೇ ಕೊಟ್ಟಿದ್ದಳು.

ಇದು ಹೊಸತೇನಲ್ಲ. ನಮ್ಮ ಕೊಡಗಿನವರೇ ಆದ ಸಿ.ಬಿ. ಮುತ್ತಮ್ಮ ಅವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರಿಂದಲೂ ಬರೆಸಿಕೊಳ್ಳಲಾಗಿತ್ತು. ಮೂವತ್ತು ವರ್ಷಗಳ ಬಳಿಕ, 1979ರಲ್ಲಿ, ಅವರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸೇವೆಯ ಆ ಬಗೆಯ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅದು ಸರಕಾರಿ ಸೇವೆಯ ಮಾತು. ಸಂವಿಧಾನದ 16ನೆಯ ವಿಧಿ ಧರ್ಮ, ಲಿಂಗಗಳ ಆಧಾರದ ಭೇದವನ್ನು ಅಲ್ಲಿ ತಡೆಯುತ್ತದೆ. ಖಾಸಗಿ ಸಂಸ್ಥೆಗೆ ಆ ವಿಧಿ ನೇರವಾಗಿ ಅನ್ವಯಿಸುವುದಿಲ್ಲ, ಹೀಗಾಗಿ ಅಲ್ಲಿ ಪ್ರಶ್ನೆ ಕೇಳಿದ್ದಕ್ಕೇ ದೂರು ಕೊಟ್ಟು ಗೆಲ್ಲುವುದು ಸುಲಭವಲ್ಲ. ಆದರೆ ಮುಚ್ಚಳಿಕೆಯ ವಿಷಯದಲ್ಲಿ ಖಾಸಗಿಯವರಿಗೂ ಅನ್ವಯಿಸುವ ಹಳೆಯ ಕಾನೂನೊಂದಿದೆ. 1872ರ ಭಾರತೀಯ ಕರಾರು ಕಾಯಿದೆಯ 26ನೆಯ ಕಲಂ ಪ್ರಕಾರ, ಅಪ್ರಾಪ್ತ ವಯಸ್ಕರದ್ದನ್ನು ಬಿಟ್ಟು ಯಾರ ಮದುವೆಯನ್ನು ತಡೆಯುವ ಕರಾರೂ ಅನೂರ್ಜಿತ. ಹಾಗೆಂದು, ಹೇಗೂ ಬಿದ್ದುಹೋಗುವ ಕಾಗದವಲ್ಲವೇ, ಸಹಿ ಹಾಕಿ ಕೆಲಸ ಹಿಡಿಯಲಿ ಎಂದು ಊರಿನ ಹಿರಿಯರೊಬ್ಬರು ಸೂಚಿಸಿದರು. ನಾವು ಒಪ್ಪಲಿಲ್ಲ. ಪಾಲಿಸುವ ಉದ್ದೇಶವಿಲ್ಲದೆ ಮಾಡುವ ವಾಗ್ದಾನವನ್ನು ಮಕ್ಕಳಿಗೆ ಮದ್ರಸದಲ್ಲಿ ಏನೆಂದು ಕಲಿಸುತ್ತೇವೆಂಬುದು ಅವರಿಗೂ ಗೊತ್ತಿತ್ತು.

ಆಕೆ ಛಾಪಾ ಕಾಗದವನ್ನು ಸಹಿ ಇಲ್ಲದೆ ಹಿಂದಿರುಗಿಸಿದಳು. ಜೊತೆಗೆ ನಾಲ್ಕು ಸಾಲಿನ ಪತ್ರ: ಶೈಕ್ಷಣಿಕ ವರ್ಷ ಪೂರ್ತಿ ಮಾಡುವ, ಮೂರು ತಿಂಗಳ ಮುಂಗಡ ಸೂಚನೆ ಕೊಡುವ ಕರಾರಿಗೆ ಸಹಿ ಹಾಕಲು ಸಿದ್ಧಳಿದ್ದೇನೆ, ಮದುವೆಯ ಕುರಿತ ವಾಕ್ಯವನ್ನು ತೆಗೆಯಬೇಕೆಂದು ಕೋರುತ್ತೇನೆ. ಆ ಶಾಲೆಯಿಂದ ಮತ್ತೆ ಕರೆ ಬರಲಿಲ್ಲ. ತಾಳ್ಮೆಯಿಂದ ಉತ್ತರಿಸಿದರೆ ಕೆಲಸ ಸಿಕ್ಕೇ ಸಿಗುತ್ತದೆಂದು ನಾವು ಯಾರಿಗೂ ಹೇಳುವುದಿಲ್ಲ. ಆ ವರ್ಷ ಜೂನ್ ಕಳೆಯಿತು, ಜುಲೈ ಕೂಡ ಅರ್ಧ ಕಳೆಯಿತು. ಆಕೆ ಮನೆಯಲ್ಲೇ ನೆರೆಹೊರೆಯ ಮಕ್ಕಳಿಗೆ ಟ್ಯೂಷನ್ ಹೇಳಿದಳು. ತಂದೆ ಒಂದೆರಡು ಸಲ ನಮ್ಮ ಮುಖ ನೋಡಿ ಏನೋ ಹೇಳಲು ಹೊರಟು ಸುಮ್ಮನಾದರು.

ಪಕ್ಕದ ತಾಲೂಕಿನ ಇನ್ನೊಂದು ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ ನಡುವರ್ಷದಲ್ಲಿ ಬಿಟ್ಟುಹೋಗಿ ಜಾಗ ಖಾಲಿಯಾಯಿತು, ಮದುವೆಯ ಕಾರಣದಿಂದಲೇ. ಅಲ್ಲಿಯೂ ಮೊದಲ ಪ್ರಶ್ನೆ ಮದುವೆಯದ್ದೇ ಆಗಿತ್ತಂತೆ. ಆಕೆ ಅದೇ ಮೂರು ವಾಕ್ಯ ಹೇಳಿ ಸುಮ್ಮನಾದಳು. ಮುಖ್ಯೋಪಾಧ್ಯಾಯಿನಿ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಒಂಬತ್ತನೇ ತರಗತಿಯ ಪುಸ್ತಕವನ್ನು ಅವಳತ್ತ ಸರಿಸಿ, ಯಾವ ಪಾಠದಿಂದ ಶುರು ಮಾಡುತ್ತೀರಿ ಎಂದು ಕೇಳಿದರು.