ಎರಡು ಗಡಿಯಾರ, ಒಂದು ಗಂಟೆ ವ್ಯತ್ಯಾಸ

ಜುಲೈ ಕೊನೆಯ ವಾರ ಬಂತೆಂದರೆ ನಮ್ಮ ಕರ್ಕಿ, ಹೊನ್ನಾವರದ ಕಡೆ ಐಸ್ ಪ್ಲಾಂಟಿನವರಿಗೆ ನಿದ್ದೆ ಇಲ್ಲ. ಆಗಸ್ಟ್ 1ಕ್ಕೆ ಟ್ರಾಲರ್‌ಗಳು ಮತ್ತೆ ಕಡಲಿಗಿಳಿಯುತ್ತವೆ, ಅಷ್ಟರೊಳಗೆ ಐಸ್ ತಯಾರಿರಬೇಕು. ಅಂಥ ಒಂದು ಪ್ಲಾಂಟಿನ ಹುಡುಗ, ನಮಗೆ ದೂರದ ನೆಂಟ, ಹೊಸ ಕಂಪ್ರೆಸರ್‌ಗೆಂದು ಇನ್ನೊಂದು 250 ಕೆವಿಎ ಟ್ರಾನ್ಸ್‌ಫಾರ್ಮರ್ ತಂದಿದ್ದ. ಸೆಕೆಂಡ್ ಹ್ಯಾಂಡ್. "ಮಾವ, ಹಳೇದರ ಸಂಗ್ತಿಗೆ ಪ್ಯಾರಲಲ್ ಹಾಕಿ ಕೊಡಿ, ಒಂದೇ ದಿನದ ಕೆಲ್ಸ" ಅಂದ. ನಿವೃತ್ತಿಯಾಗಿ ಊರಲ್ಲಿ ಕೂತವನಿಗೆ ಅಷ್ಟು ಕರೆ ಸಾಕು, ಹೊರಟೆ.

ಎರಡೂ 11 ಕೆವಿಯಿಂದ 433 ವೋಲ್ಟಿಗೆ ಇಳಿಸುವಂಥವು. ಎರಡರ ಇಂಪಿಡೆನ್ಸೂ ಶೇ. 4.5. ಹೊಸದನ್ನು ಚಾರ್ಜ್ ಮಾಡಿ ಅಳೆದೆ, ಮೂರು ಫೇಸ್‌ಗಳ ನಡುವೆಯೂ 430 ವೋಲ್ಟ್. ಹಳೆಯದರಲ್ಲೂ ಅಷ್ಟೇ. ಫೇಸ್ ಸೀಕ್ವೆನ್ಸ್ ಮೀಟರ್ ಎರಡು ಕಡೆಯೂ ಒಂದೇ ದಿಕ್ಕಿಗೆ ತಿರುಗಿತು. "ಹಾಕುದಾ ಮಾವ?" ಅಂತ ಹುಡುಗ ಕಪ್ಲರ್ ಬ್ರೇಕರಿನ ಮುಂದೆ ನಿಂತಿದ್ದ. ನಿಜ ಹೇಳುತ್ತೇನೆ, ನನಗೂ 'ಹಾಕು' ಅನ್ನುವಷ್ಟು ಧೈರ್ಯ ಬಂದಿತ್ತು. ನಮ್ಮ ಕಡೆ ಎಲ್ಲಿ ನೋಡಿದರೂ ಡಿವೈಎನ್-11 ಟ್ರಾನ್ಸ್‌ಫಾರ್ಮರೇ, ಇದೂ ಅದೇ ಎಂದುಕೊಂಡಿದ್ದೆ.

ಹಳೆ ಅಭ್ಯಾಸ ತಡೆಯಿತು. ಎರಡರ ನ್ಯೂಟ್ರಲ್‌ಗಳನ್ನು ಕೂಡಿಸಿ, ತೆರೆದೇ ಇದ್ದ ಬ್ರೇಕರಿನ ಆಚೆ ಈಚೆ ಮೀಟರ್ ಇಟ್ಟೆ: ಈ ಬದಿಯ ಆರ್, ಆ ಬದಿಯ ಆರ್. ಸೊನ್ನೆಯ ಹತ್ತಿರ ಇರಬೇಕಿತ್ತು. ತೋರಿಸಿದ್ದು 128. ವೈಗೆ 129, ಬಿಗೆ 128.

ನ್ಯೂಟ್ರಲ್ ಕೂಡಿಸದೆ ಹೀಗೆ ಅಳೆಯಲೇಬಾರದು. ಎರಡು ಬದಿಗೂ ಸಮಾನ ಆಧಾರ ಇಲ್ಲದಿದ್ದರೆ ಮೀಟರ್ ಸುಳ್ಳು ಸೊನ್ನೆ ತೋರಿಸೀತು, ನಾವು ಅದನ್ನು ನಂಬಿ ಬ್ರೇಕರ್ ಹಾಕಿಬಿಟ್ಟೇವು.

ಒಂದು ಫೇಸ್ ಸರಿಯಿದ್ದು ಉಳಿದೆರಡರಲ್ಲಿ 430 ಬಂದಿದ್ದರೆ, ಎರಡು ವೈರ್ ಅದಲುಬದಲಾಗಿದೆ ಅನ್ನಬಹುದಿತ್ತು. ಮೂರರಲ್ಲೂ ಸಮನಾಗಿ 128 ಅಂದರೆ ವೈರಿನ ತಪ್ಪಲ್ಲ, ಕೋನದ ತಪ್ಪು. ಉಪ್ಪುಕಾಗದ ತಂದು ನೇಮ್‌ಪ್ಲೇಟಿನ ಮೇಲೆ ಬಳಿದಿದ್ದ ಬಣ್ಣ ಉಜ್ಜಿಸಿದೆ. ವೈವೈಎನ್-0.

ಹುಡುಗನಿಗೆ ಗೋಡೆಯ ಗಡಿಯಾರ ತೋರಿಸಿ ಹೇಳಿದೆ. ದೊಡ್ಡ ಮುಳ್ಳು 11 ಕೆವಿ ಬದಿಯದು, ಯಾವಾಗಲೂ 12ರ ಮೇಲೆ. ಚಿಕ್ಕ ಮುಳ್ಳು 433ರ ಬದಿಯದು. ಒಂದು ಗಂಟೆ ಅಂದರೆ 30 ಡಿಗ್ರಿ. ಸ್ಟಾರ್-ಸ್ಟಾರ್‌ನಲ್ಲಿ ಎರಡು ಬದಿಯ ಸುರುಳಿಗಳೂ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಇರುವುದರಿಂದ ಚಿಕ್ಕ ಮುಳ್ಳೂ 12ರಲ್ಲೇ ನಿಲ್ಲುತ್ತದೆ. ಡೆಲ್ಟಾದಲ್ಲಿ ಮೇಲಿನ ಸುರುಳಿ ಎರಡು ಲೈನ್‌ಗಳ ನಡುವೆ ಕೂತಿರುತ್ತದೆ. ಎರಡು ಲೈನ್‌ಗಳ ನಡುವಿನ ವೋಲ್ಟೇಜು ಒಂದು ಫೇಸಿನ ವೋಲ್ಟೇಜಿಗಿಂತ 30 ಡಿಗ್ರಿ ಸರಿದಿರುತ್ತದಲ್ಲ? ಅದೇ ಕಬ್ಬಿಣದ ಕಂಬಕ್ಕೆ ಸುತ್ತಿದ ಕೆಳಗಿನ ಸುರುಳಿ ಮೇಲಿನದನ್ನೇ ಅನುಸರಿಸುತ್ತದೆ, ಆದರೆ ಅದು ಕೊಡುವುದು ಫೇಸಿನ ವೋಲ್ಟೇಜು. ಹಾಗಾಗಿ ಮುಳ್ಳು 11ಕ್ಕೆ ಸರಿಯಿತು.

"ಹಾಕಿದ್ರೆ ಎಂತ ಆಗ್ತಿತ್ತು?"

ಎರಡು ಬದಿಯಲ್ಲೂ ಫೇಸಿಗೆ ಸುಮಾರು 250 ವೋಲ್ಟ್ ಇದೆ. ನಡುವಿನ ಕೋನ 30 ಡಿಗ್ರಿ ಆದರೆ ಅವುಗಳ ವ್ಯತ್ಯಾಸ ಅದರ ಶೇ. 52ರಷ್ಟು, ಅಂದರೆ ಮೀಟರ್ ತೋರಿಸಿದ ಆ 128-129. ಬ್ರೇಕರ್ ಹಾಕಿದ ಕೂಡಲೇ ಇದನ್ನು ತಡೆಯಲು ಇರುವುದು ಎರಡು ಟ್ರಾನ್ಸ್‌ಫಾರ್ಮರ್‌ಗಳ ಇಂಪಿಡೆನ್ಸ್ ಮಾತ್ರ, ಒಟ್ಟು ಶೇ. 9. ಐವತ್ತೆರಡನ್ನು ಒಂಬತ್ತರಿಂದ ಭಾಗಿಸಿದರೆ ಆರಕ್ಕೆ ಸ್ವಲ್ಪ ಕಡಿಮೆ. 250 ಕೆವಿಎಗೆ ಪೂರ್ಣ ಲೋಡಿನ ಕರೆಂಟು 333 ಆಂಪಿಯರ್. ಅಲ್ಲಿಗೆ 1900 ಆಂಪಿಯರ್, ಒಂದೂ ಮೋಟರ್ ಚಾಲೂ ಇಲ್ಲದೆಯೇ! ಬ್ರೇಕರ್ ಬಿದ್ದರೆ ಪುಣ್ಯ. ಬೀಳದಿದ್ದರೆ ಸುರುಳಿ ಸುಡುತ್ತದೆ, ಎದುರು ನಿಂತವನ ಗತಿ ಹೇಳಬೇಕಾಗಿಲ್ಲ.

"ವೈರ್ ತಿರುಗಿಸಿ ಹಾಕಿದ್ರೆ ಆಗುದಿಲ್ವಾ?" ಒಳ್ಳೆ ಪ್ರಶ್ನೆ. ಬಂದದ್ದು ಡಿವೈಎನ್-1 ಆಗಿದ್ದರೆ ಆಗುತ್ತಿತ್ತು. ಆಗ ವ್ಯತ್ಯಾಸ 60 ಡಿಗ್ರಿ, ನೋಡಲು ಇದಕ್ಕಿಂತ ದೊಡ್ಡದು, ಆದರೂ ಮೇಲೆ ಎರಡು ಫೇಸ್, ಕೆಳಗೆ ಅವಕ್ಕೆ ತಕ್ಕ ಎರಡು ಫೇಸ್ ಬದಲಿಸಿದರೆ ಮುಳ್ಳು 1ರಿಂದ 11ಕ್ಕೆ ಬರುತ್ತದೆ. ಸ್ಟಾರ್-ಸ್ಟಾರ್‌ನ ಮುಳ್ಳು ಹೊರಗಿನ ವೈರ್ ಹೇಗೆ ಬದಲಿಸಿದರೂ 12, 4, 8 ಹೀಗೆ ಸಮಸಂಖ್ಯೆಗಳ ಮೇಲೇ ನಿಲ್ಲುತ್ತದೆ. ಡೆಲ್ಟಾ-ಸ್ಟಾರ್‌ನದು ಬೆಸಸಂಖ್ಯೆಗಳ ಮೇಲೆ. ಇವೆರಡನ್ನು ಹೊರಗಿನಿಂದ ಜೋಡಿಸಲು ದಾರಿಯೇ ಇಲ್ಲ.

ಹುಡುಗನ ಮುಖ ಸಣ್ಣದಾಯಿತು. ಮಾರಿದವನಿಗೆ ಫೋನ್ ಹಚ್ಚಿದ, ಅವನು ಎತ್ತಲಿಲ್ಲ.

ಕೊನೆಗೆ ಬಸ್‌ಬಾರನ್ನು ಎರಡು ಭಾಗ ಮಾಡಿದೆವು. ಕಂಪ್ರೆಸರ್, ಪಂಪುಗಳು, ಅಂದರೆ ಮೂರೂ ಫೇಸನ್ನು ಸಮನಾಗಿ ಎಳೆಯುವ ಮೋಟರ್‌ಗಳು ಸ್ಟಾರ್-ಸ್ಟಾರ್ ಮೇಲೆ. ದೀಪ, ಆಫೀಸು, ಕೆಲಸಗಾರರ ಕೋಣೆ ಇವುಗಳ ಏರುಪೇರಿನ ಸಿಂಗಲ್ ಫೇಸ್ ಲೋಡೆಲ್ಲ ಹಳೆಯ ಡೆಲ್ಟಾದ ಮೇಲೆ. ಡೆಲ್ಟಾ ಆ ಏರುಪೇರನ್ನು ಸಹಿಸುತ್ತದೆ, ಸ್ಟಾರ್-ಸ್ಟಾರ್‌ನಲ್ಲಿ ನ್ಯೂಟ್ರಲ್ ಸರಿದು ಒಂದು ಫೇಸಿನ ಬಲ್ಬ್ ಮಂಕಾಗಿ ಇನ್ನೊಂದರದ್ದು ಸುಟ್ಟೀತು. ಎರಡು ಇನ್‌ಕಮರ್, ಒಂದು ಕಪ್ಲರ್, ಮೂರು ಬ್ರೇಕರ್‌ಗೆ ಎರಡೇ ಕೀಲಿ ಇಟ್ಟೆವು. ಕೀಲಿಯಿಲ್ಲದೆ ಬ್ರೇಕರ್ ಹಾಕಲು ಬರುವುದಿಲ್ಲ, ಮೂರನೆಯ ಕೀಲಿ ಮಾಡಿಸಲೇ ಇಲ್ಲ.

ಕಂಪ್ರೆಸರ್ ಜುಲೈ 31ರ ರಾತ್ರಿ ಚಾಲೂ ಆಯಿತು. ಹೊರಡುವಾಗ ಹುಡುಗ ನೇಮ್‌ಪ್ಲೇಟಿಗೆ ಮತ್ತೆ ಬಣ್ಣ ಹೊಡೆಸುತ್ತಿದ್ದ, ತುಕ್ಕು ಹಿಡಿಯುತ್ತದಂತೆ. ಅಕ್ಷರದ ಜಾಗ ಬಿಟ್ಟು ಹೊಡೆಯೋ ಮಾರಾಯಾ ಅಂದೆ.